ಗ್ರಾಹಕರ ನಂಬರ್ ಸೋರಿದಾಗ ಮೊದಲ ಮಾತು, ಮೊದಲ ವಾರ

ಪ್ರಶ್ನೆ: ಕುಂಬಳೆಯಲ್ಲಿ ನಮ್ಮದೊಂದು ಸಣ್ಣ ಆನ್‌ಲೈನ್ ಸೀರೆ ಅಂಗಡಿ. ಆರ್ಡರ್ ಶೀಟಿನ ಲಿಂಕ್ ಹೊರಗೆ ಹೋಗಿ ಗ್ರಾಹಕರ ಹೆಸರು, ಫೋನ್, ವಿಳಾಸ ಎಲ್ಲ ಸೋರಿದೆ. ಅವರಿಗೆ ಏನು ಹೇಳಲಿ? ಈ ವಾರ ಏನೇನು ಮಾಡಲಿ?

ನಾನು ಬದಿಯಡ್ಕದಿಂದ ಹಪ್ಪಳ, ಉಪ್ಪಿನಕಾಯಿ ಕಳಿಸುವವಳು. ನನಗೂ ಹೀಗೇ ಆಗಿತ್ತು, 640 ಜನರ ವಿವರ.

ಗೂಗಲ್ ಶೀಟಿನ ಶೇರ್ ಸೆಟ್ಟಿಂಗ್‌ನಲ್ಲಿ `Anyone with the link` ಎಂದಿರುವುದರ ಸ್ಕ್ರೀನ್‌ಶಾಟ್ ತೆಗೆದಿಟ್ಟು, ತಕ್ಷಣ `Restricted` ಮಾಡಿ. ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ `incident@cert-in.org.in` ವಿಳಾಸದಲ್ಲಿ ಮೇಲ್ ಮಾಡಬೇಕು. 2022ರಿಂದ ಇರುವ ನಿಯಮ ಇದು. ಪೂರ್ತಿ ವಿವರ ಸಿಗಲಿ ಎಂದು ಕಾಯಬೇಡಿ, ಗೊತ್ತಿದ್ದಷ್ಟು ಬರೆಯಿರಿ.

ಅದೇ ದಿನ ನಾನು ಗ್ರಾಹಕರಿಗೆ ಕಳಿಸಿದ್ದು ಇದು:

"ನಮ್ಮ ಆರ್ಡರ್ ಪಟ್ಟಿ ಹೊರಗಿನವರಿಗೂ ತೆರೆಯುವಂತೆ ಇತ್ತೆಂದು ಇವತ್ತು ಬೆಳಿಗ್ಗೆ ತಿಳಿಯಿತು. ಅದರಲ್ಲಿ ನಿಮ್ಮ ಹೆಸರು, ಫೋನ್, ವಿಳಾಸ, ತರಿಸಿದ ವಸ್ತು ಇದ್ದವು. ಬ್ಯಾಂಕ್ ವಿವರ ಇರಲಿಲ್ಲ. ಲಿಂಕ್ ಮುಚ್ಚಿದ್ದೇವೆ. ಯಾರೆಲ್ಲ ನೋಡಿದ್ದಾರೆಂದು ಗೊತ್ತಿಲ್ಲ. ನಿಮ್ಮ ಆರ್ಡರ್ ವಿಷಯ ಹೇಳಿ ಯಾರಾದರೂ ಹಣ, ಒಟಿಪಿ ಕೇಳಿದರೆ ಕೊಡಬೇಡಿ, ನಾವು ಕೇಳುವುದಿಲ್ಲ. ನಾಳೆ ಸಂಜೆ 6ಕ್ಕೆ ಮತ್ತೆ ತಿಳಿಸುತ್ತೇವೆ. ತಪ್ಪು ನಮ್ಮದು, ಕ್ಷಮಿಸಿ."

ಕೆಳಗೆ ಇದನ್ನೇ ಮಲಯಾಳದಲ್ಲೂ ಹಾಕಿದ್ದೆ. ನಮ್ಮ ಊರಿನಲ್ಲಿ ಒಂದೇ ಭಾಷೆಯಲ್ಲಿ ಕಳಿಸಿದರೆ ಅರ್ಧ ಜನಕ್ಕೆ ಮುಟ್ಟುವುದಿಲ್ಲ.

"ಯಾರೂ ನೋಡಿಲ್ಲ" ಎಂದು ಮಾತ್ರ ಬರೆಯಬೇಡಿ. ಸಾಮಾನ್ಯ ಜಿಮೇಲ್ ಖಾತೆಯ ಶೀಟ್‌ನಲ್ಲಿ ತಿದ್ದಿದ್ದು ಕಾಣುತ್ತದೆ, ಲಿಂಕ್ ಹಿಡಿದು ಬಂದು ಬರೇ ನೋಡಿದವರು ಕಾಣುವುದಿಲ್ಲ. ಈಗಾಗಲೇ ಯಾರಾದರೂ ನಕಲು ಮಾಡಿಕೊಂಡಿದ್ದರೆ ಲಿಂಕ್ ಮುಚ್ಚಿದ್ದರಿಂದ ಅದು ಅಳಿಯುವುದೂ ಇಲ್ಲ.

ಕಳಿಸುವುದರಲ್ಲೇ ನಾನು ಎಡವಿದ್ದು. ವಾಟ್ಸಾಪ್ ಬ್ರಾಡ್‌ಕಾಸ್ಟ್ ಮಾಡಿದೆ. ನಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಅದು ಹೋಗುವುದೇ ಇಲ್ಲ. ಹಾಗೆಂದು ಗ್ರೂಪ್ ಮಾಡಿದರೆ ಎಲ್ಲರ ನಂಬರ್ ಎಲ್ಲರಿಗೂ ಕಂಡು ಇನ್ನೊಂದು ಸೋರಿಕೆ ಆಗುತ್ತದೆ. ಮೇಲ್ ಇದ್ದವರಿಗೆ `Bcc`ಯಲ್ಲಿ ಕಳಿಸಿ. ಪಾರ್ಸೆಲ್ ದಾರಿಯಲ್ಲಿರುವವರಿಗೆ ಎಲ್ಲಕ್ಕಿಂತ ಮೊದಲು ಫೋನ್ ಮಾಡಿ, ಮೋಸದ ಕರೆ ಮೊದಲು ನಾಟುವುದು ಅವರಿಗೇ. ಉಳಿದವರಿಗೆ ಒಬ್ಬೊಬ್ಬರಿಗೇ ಮೆಸೇಜ್ ಹಾಕಿ. ನನಗೆ ಮೂರು ದಿನ ಹಿಡಿಯಿತು.

ಮೂರನೇ ದಿನ ಮಂಜೇಶ್ವರದ ಒಬ್ಬ ಅಕ್ಕನಿಗೆ ಕರೆ ಬಂತು: "ನಿಮ್ಮ ಮಿಡಿ ಉಪ್ಪಿನಕಾಯಿ ಪಾರ್ಸೆಲ್ ನಿಂತಿದೆ, 25 ರೂಪಾಯಿ ಕಳಿಸಿ." ಮಿಡಿ ಎಂದು ಹೇಳಿದ್ದರಿಂದಲೇ ಪಟ್ಟಿ ಯಾರದೋ ಕೈ ಸೇರಿದೆ ಎಂದು ಖಾತ್ರಿಯಾಯಿತು. ಸಂಜೆಯ ಮೆಸೇಜ್‌ನಲ್ಲಿ ಆ ಮಾತನ್ನೇ ಇದ್ದ ಹಾಗೆ ಹಾಕಿದೆ. ಇಂಥ ಪ್ರತಿ ಕರೆಯ ಹೊತ್ತು, ನಂಬರ್, ಹೇಳಿದ ಮಾತು ಒಂದು ಪುಸ್ತಕದಲ್ಲಿ ಬರೆದಿಡಿ. ಯಾರದಾದರೂ ಹಣ ಹೋಗಿದ್ದರೆ ಆ ಕ್ಷಣವೇ ಅವರಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿಬಿಡುತ್ತದೆ.

ಹೇಳಿದ ಹೊತ್ತಿಗೆ ಹೊಸತೇನೂ ಇರದಿದ್ದರೆ "ಹೊಸತು ಇಲ್ಲ" ಎಂದೇ ಕಳಿಸಿ. ವಾರದ ಕೊನೆಗೆ ಹಳೇ ಆರ್ಡರ್‌ಗಳಲ್ಲಿ ಬಿಲ್ಲಿಗೆ ಬೇಕಾದ್ದನ್ನು ಬೇರೆ ಇಟ್ಟು ಫೋನ್, ವಿಳಾಸ ಅಳಿಸಿ. ಪಾರ್ಸೆಲ್ ಹುಡುಗರಿಗೆ ಅವತ್ತಿನ ಆರ್ಡರ್ ಮಾತ್ರ ಕಾಣುವ ಬೇರೆ ಶೀಟ್ ಕೊಡಿ.