ಹಳೆಯ ಕಾಫಿಪುಡಿ ನಿಲ್ಲುವ ಸುದ್ದಿ

ಪ್ರಶ್ನೆ: ಶೇ. 20 ಚಿಕೋರಿ ಬೆರೆಸಿದ ನಮ್ಮ ಪೀಬೆರಿ ಕಾಫಿಪುಡಿಯನ್ನು ನಿಲ್ಲಿಸುತ್ತಿದ್ದೇವೆ. ವರ್ಷಗಳಿಂದ ಅದನ್ನೇ ಒಯ್ಯುವವರಿಗೆ ಹೇಗೆ ತಿಳಿಸಲಿ? ಬದಲಿಗೆ ಏನು ಸೂಚಿಸಲಿ?

ಉತ್ತರ: ದಾಸ್ತಾನು ಇರುವಾಗಲೇ ತಿಳಿಸಿ. ಖಾಲಿ ಡಬ್ಬಿ ತೋರಿಸುತ್ತ ಹೇಳಿದರೆ ನಿಜವಾದ ಕಾರಣವೂ ನೆಪದಂತೆ ಕೇಳಿಸುತ್ತದೆ. ತಿಂಗಳಿಗೊಮ್ಮೆ ಬರುವವರಿಗೆ ಆರು ವಾರ ಮೊದಲು ಗೊತ್ತಾದರೆ ಹಳೆಯದನ್ನು ಇನ್ನೊಮ್ಮೆ ಕೊಂಡು, ಹೊಸದರ ಜೊತೆಗಿಟ್ಟು ರುಚಿ ನೋಡಬಹುದು.

ಬದಲಿಯಾಗಿ ಪ್ಲಾಂಟೇಷನ್ ಎ ದರ್ಜೆಯ ಚಪ್ಪಟೆ ಬೀಜದ ಪುಡಿ ಕೊಡಿ. ಪೀಬೆರಿ ಎಂದರೆ ಹಣ್ಣಿನಲ್ಲಿ ಎರಡರ ಬದಲು ಒಂದೇ ದುಂಡು ಬೀಜ ಬೆಳೆದದ್ದು, ಅಷ್ಟೆ. ಆದ್ದರಿಂದ ಅದೇ ತೋಟದ, ಅದೇ ಹದಕ್ಕೆ ಹುರಿದ ಚಪ್ಪಟೆ ಬೀಜ ಅದಕ್ಕೆ ಹತ್ತಿರ. ಚಿಕೋರಿಯನ್ನು ಮಾತ್ರ ಶೇ. 20ರಲ್ಲೇ ಉಳಿಸಿ. ಡಿಕಾಕ್ಷನ್ನಿನ ಬಣ್ಣಕ್ಕೂ ಗಟ್ಟಿತನಕ್ಕೂ ಅದರ ಕೊಡುಗೆ ದೊಡ್ಡದು. ಶುದ್ಧ ಕಾಫಿಯೇ ಶ್ರೇಷ್ಠವೆಂದು ಕೊಟ್ಟರೆ, ಮರುದಿನವೇ “ನೀರುನೀರಾಗಿದೆ” ಎಂಬ ದೂರು ಬರುತ್ತದೆ.

ಸಂದೇಶ ಹೀಗಿರಲಿ:

“ನಮಸ್ಕಾರ. ಮಾರ್ಚ್ 31ರ ನಂತರ ಪೀಬೆರಿ ಪುಡಿ ಇರುವುದಿಲ್ಲ. ಬೇಕಾದಷ್ಟು ಬೀಜ ಸಿಗುತ್ತಿಲ್ಲ. ಅದಕ್ಕೆ ಹತ್ತಿರದ್ದು ಪ್ಲಾಂಟೇಷನ್ ಎ. ಚಿಕೋರಿ ಅಷ್ಟೇ, ಪರಿಮಳ ತುಸು ಬೇರೆ. ಮುಂದಿನ ಸಲ ಬಂದಾಗ 50 ಗ್ರಾಂ ಉಚಿತವಾಗಿ ಒಯ್ದು ನೋಡಿ.”

ಕಾರಣ ಬೇರೆಯಾಗಿದ್ದರೆ ಅದನ್ನೇ ಬರೆಯಿರಿ. “ಪರಿಮಳ ತುಸು ಬೇರೆ” ಎಂಬುದನ್ನು ಮಾತ್ರ ಅಳಿಸಬೇಡಿ. ಹಳೆಯ ಗಿರಾಕಿಯ ಮೂಗು ಅದನ್ನು ಹೇಗೂ ಕಂಡುಹಿಡಿಯುತ್ತದೆ.