ಪ್ರಶ್ನೆಯೇ ಉತ್ತರ ಹೇಳಿಕೊಟ್ಟರೆ

ಓದುಗರ ಪತ್ರ: "ಸಮೀಕ್ಷೆಯೊಂದಕ್ಕೆ ನಾನು ಬರೆದ ಪ್ರಶ್ನೆ ಇದು: 'ಮಕ್ಕಳ ಜೀವ ಉಳಿಸಲು, ವಸತಿ ರಸ್ತೆಗಳಲ್ಲಿ ವೇಗದ ಮಿತಿಯನ್ನು ಗಂಟೆಗೆ 50 ಕಿ.ಮೀ.ನಿಂದ 30ಕ್ಕೆ ಇಳಿಸಬೇಕು ಎಂಬುದನ್ನು ನೀವು ಒಪ್ಪುತ್ತೀರಾ?' ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು ಒಪ್ಪಿದ್ದಾರೆ. ಆದರೆ ನನ್ನ ಗೆಳತಿ, 'ನಿನ್ನ ಪ್ರಶ್ನೆಯೇ ಅವರ ಬಾಯಲ್ಲಿ ಹೌದು ಅನ್ನಿಸಿದೆ' ಎನ್ನುತ್ತಾಳೆ. ನಾನು ಸುಳ್ಳೇನೂ ಬರೆದಿಲ್ಲವಲ್ಲ? ತಪ್ಪಿದ್ದರೆ ಹೇಗೆ ತಿದ್ದಲಿ? ಈಗಾಗಲೇ ಬಂದಿರುವ ಉತ್ತರಗಳನ್ನು ಏನು ಮಾಡಲಿ?"

ಸಂಪಾದಕರ ಉತ್ತರ:

ನಿಮ್ಮ ಗೆಳತಿ ಹೇಳಿದ್ದು ಸರಿ. ನೀವು ಸುಳ್ಳು ಬರೆದಿಲ್ಲ ಅನ್ನುವುದೂ ಸರಿ. ಜನರನ್ನು ಒಂದು ಕಡೆ ಎಳೆಯುವ ಪ್ರಶ್ನೆಯಲ್ಲಿ ಸುಳ್ಳು ಇರಲೇಬೇಕು ಅಂತೇನಿಲ್ಲ. ನಿಜವನ್ನೇ ಒಂದು ಪಕ್ಕಕ್ಕೆ ಮಾತ್ರ ಇಟ್ಟರೂ ಸಾಕು.

ಮೊದಲು 'ಮಕ್ಕಳ ಜೀವ ಉಳಿಸಲು' ಎಂಬ ಮಾತನ್ನು ನೋಡಿ. ನೀವು ಕೇಳಬೇಕಿದ್ದದ್ದು ಮಿತಿ ಎಷ್ಟಿರಬೇಕು ಎಂಬುದನ್ನು. ಆದರೆ ಅದರ ಜೊತೆಗೆ ಕಾರಣವನ್ನೂ ಕಟ್ಟಿ ಕೊಟ್ಟಿದ್ದೀರಿ. ಈಗ 'ಇಲ್ಲ' ಎನ್ನುವವರು ಮಿತಿಯನ್ನಷ್ಟೇ ಬೇಡ ಎಂದ ಹಾಗಾಗುವುದಿಲ್ಲ, ಮಕ್ಕಳ ಜೀವವೂ ಬೇಡ ಎಂದ ಹಾಗಾಗುತ್ತದೆ. ಮಕ್ಕಳು ಸುರಕ್ಷಿತವಾಗಿರಲಿ, ಆದರೆ ಅದಕ್ಕೆ ರಸ್ತೆ ಉಬ್ಬು ಹಾಕುವುದೇ ಒಳ್ಳೆಯದು ಎನ್ನುವವರು ಯಾವ ಕಡೆ ಗುರುತು ಹಾಕಬೇಕು? ಅವರಿಗೆ ಜಾಗವೇ ಇಲ್ಲ. ಬಹುಪಾಲು ಮಂದಿ ಮುಜುಗರಕ್ಕೆ 'ಹೌದು' ಎಂದು ಮುಂದೆ ಹೋಗುತ್ತಾರೆ.

ಇಂಥ ಒಂದು ಮಾತು ಎಷ್ಟು ಎಳೆಯಬಹುದು ಎಂಬುದಕ್ಕೆ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಒಂದು ಸಮೀಕ್ಷೆ ನೋಡಿ. 2003ರ ಜನವರಿ, ಇರಾಕ್ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಸದ್ದಾಂ ಹುಸೇನ್ ಆಡಳಿತ ಕೊನೆಗಾಣಿಸಲು ಸೇನಾ ಕಾರ್ಯಾಚರಣೆ ನಡೆಸುವುದರ ಪರವೋ ವಿರುದ್ಧವೋ ಎಂದು ಕೇಳಿದಾಗ ಶೇ. 68 ಮಂದಿ ಪರ ಎಂದರು. ಅದೇ ಪ್ರಶ್ನೆಯ ಕೊನೆಗೆ, ಅಮೆರಿಕದ ಪಡೆಗಳಲ್ಲಿ ಸಾವಿರಾರು ಸಾವುನೋವು ಆಗಬಹುದಾದರೂ ಸರಿಯೇ ಎಂಬ ಮಾತು ಸೇರಿಸಿದಾಗ ಪರ ಎಂದವರು ಶೇ. 43 ಮಾತ್ರ. ಸೇರಿದ್ದು ಒಂದೇ ಮಾತು, ಕಳೆದದ್ದು 25 ಅಂಶ. ಇನ್ನೊಂದು ವಿಷಯ ಗಮನಿಸಿ. ಆ ಮಾತು ಸೇರಿಸುವ ಮೊದಲೂ ಪ್ರಶ್ನೆ ಪೂರ್ತಿ ಬರಿಗೈಯಲ್ಲಿ ಇರಲಿಲ್ಲ. 'ಸದ್ದಾಂ ಆಡಳಿತ ಕೊನೆಗಾಣಿಸಲು' ಎಂಬ ಕಾರಣ ಅಲ್ಲೂ ಇತ್ತು. ನಿಮ್ಮ 'ಜೀವ ಉಳಿಸಲು' ಕೂತಿರುವುದೂ ಅದೇ ಜಾಗದಲ್ಲಿ. ಯಾವುದೇ ಸಮೀಕ್ಷೆ ಓದುವಾಗ ಮೊದಲು ಇಂಥ 'ಉಳಿಸಲು', 'ತಡೆಯಲು', 'ಆದರೂ' ಎಂಬ ಪದಗಳನ್ನು ಹುಡುಕಿ. ಪ್ರಶ್ನೆ ಕೇಳುವವರ ವಾದ ಸಾಮಾನ್ಯವಾಗಿ ಅಲ್ಲೇ ಕೂತಿರುತ್ತದೆ.

ಎರಡನೆಯ ಎಳೆತ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಅದು ನಿಮ್ಮ 'ಒಪ್ಪುತ್ತೀರಾ?' ಎಂಬ ಕೊನೆಯ ಪದ. ಆತುರದಲ್ಲಿರುವವರು, ವಿಷಯದ ಬಗ್ಗೆ ಜಾಸ್ತಿ ಯೋಚಿಸದವರು, ಎದುರಿಗಿರುವವರಿಗೆ ಬೇಸರ ಮಾಡಬಾರದು ಎನ್ನುವವರು ಸುಮ್ನೆ 'ಹೂಂ' ಅಂದುಬಿಡುವುದು ಜಾಸ್ತಿ. 'ಇಳಿಸಬೇಕಲ್ಲವೇ?' ಎಂದು ಕೇಳಿದರಂತೂ ಇನ್ನೂ ಕಷ್ಟ. 'ಅಲ್ಲ' ಎನ್ನಲು ಜಗಳಕ್ಕೇ ನಿಂತ ಹಾಗಾಗುತ್ತದೆ.

ಸ್ಕಾಟ್ಲೆಂಡಿನಲ್ಲಿ ಇದೇ ಪದದ ಮೇಲೆ ದೊಡ್ಡ ಚರ್ಚೆ ಆಯಿತು. 2014ರ ಜನಮತಗಣನೆಗೆ ಅಲ್ಲಿನ ಸರ್ಕಾರ ಮೊದಲು ಬರೆದದ್ದು 'ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕು ಎಂಬುದನ್ನು ನೀವು ಒಪ್ಪುತ್ತೀರಾ?' ಎಂಬ ಪ್ರಶ್ನೆಯನ್ನು. ಬ್ರಿಟನ್ನಿನ ಚುನಾವಣಾ ಆಯೋಗ ಅದನ್ನು ಜನರ ಮುಂದಿಟ್ಟು ಪರೀಕ್ಷಿಸಿತು. 'ಒಪ್ಪುತ್ತೀರಾ' ಎಂಬುದು 'ಹೌದು' ಕಡೆಗೆ ವಾಲಿಸುತ್ತದೆ ಎಂದು 2013ರ ಜನವರಿಯಲ್ಲಿ ಹೇಳಿತು. ಸರ್ಕಾರ ಅದನ್ನು ಒಪ್ಪಿಕೊಂಡಿತು. ಮತಪತ್ರದಲ್ಲಿ ಬಂದದ್ದು 'ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ?' ಎಂದಷ್ಟೇ.

ಆದರೆ ಆ ಪದ ಕಿತ್ತರೆ ಕೆಲಸ ಮುಗಿಯಿತು ಅಂತಲ್ಲ. 2016ರ ಬ್ರಿಟನ್ನಿನ ಜನಮತಗಣನೆಗೆ ಮೊದಲು ಇದ್ದದ್ದು, ಬ್ರಿಟನ್ ಯುರೋಪಿಯನ್ ಒಕ್ಕೂಟದ ಸದಸ್ಯನಾಗಿ ಉಳಿಯಬೇಕೇ ಎಂಬ ಹೌದು-ಇಲ್ಲ ಪ್ರಶ್ನೆ. ಅದರಲ್ಲಿ 'ಒಪ್ಪುತ್ತೀರಾ' ಇರಲಿಲ್ಲ. ಆದರೂ ಒಂದು ಆಯ್ಕೆಯ ಹೆಸರು ಮಾತ್ರ ಪ್ರಶ್ನೆಯಲ್ಲಿತ್ತು, ಇನ್ನೊಂದು ಕಾಣಿಸುತ್ತಲೇ ಇರಲಿಲ್ಲ. ಆಯೋಗದ ಸಲಹೆಯಂತೆ ಅದು 'ಉಳಿಯಬೇಕೇ ಅಥವಾ ಒಕ್ಕೂಟದಿಂದ ಹೊರಬರಬೇಕೇ' ಎಂದಾಯಿತು. ಹೌದು-ಇಲ್ಲ ಹೋಗಿ, ಆ ಎರಡೇ ಉತ್ತರಗಳು ಬಂದವು. ನನ್ನ ಮಟ್ಟಿಗೆ ಪ್ರಶ್ನೆ ತಿದ್ದುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ಈಗ ನಿಮ್ಮ ಪ್ರಶ್ನೆಯನ್ನು ತಿದ್ದೋಣ. ಕಾರಣ ತೆಗೆಯಿರಿ, 'ಒಪ್ಪುತ್ತೀರಾ' ತೆಗೆಯಿರಿ. 'ಮಿತಿಯನ್ನು 30ಕ್ಕೆ ಇಳಿಸಬೇಕೇ?' ಎಂಬುದು ಉಳಿಯುತ್ತದೆ. ಇನ್ನೂ ಒಂದೇ ಆಯ್ಕೆ ಇದೆ, ಅಲ್ವಾ? ಹಾಗಾಗಿ ಹೀಗೆ ಬರೆಯಿರಿ: 'ವಸತಿ ರಸ್ತೆಗಳಲ್ಲಿ ಈಗ ವೇಗದ ಮಿತಿ ಗಂಟೆಗೆ 50 ಕಿ.ಮೀ. ಇದೆ. ಇದನ್ನು 30ಕ್ಕೆ ಇಳಿಸಬೇಕೋ, 50ರಲ್ಲೇ ಇಡಬೇಕೋ?' ಉತ್ತರಗಳು: 30ಕ್ಕೆ ಇಳಿಸಬೇಕು, 50ರಲ್ಲೇ ಇಡಬೇಕು, ಬೇರೆ ಮಿತಿ ಇರಬೇಕು, ಹೇಳಲಾರೆ. ಅರ್ಧ ಜನಕ್ಕೆ ಕೊಡುವ ಹಾಳೆಯಲ್ಲಿ ಮೊದಲ ಎರಡರ ಜಾಗ ಅದಲುಬದಲಾಗಿರಲಿ, ಪ್ರಶ್ನೆಯಲ್ಲೂ ಉತ್ತರದಲ್ಲೂ. 'ಹೇಳಲಾರೆ' ಎಂಬುದನ್ನು ಬಿಡಬೇಡಿ. ಅಭಿಪ್ರಾಯ ಇಲ್ಲದವರನ್ನು ಒಂದು ಕಡೆಗೆ ತಳ್ಳಿದರೆ ಅದೂ ಎಳೆತವೇ.

ಮಕ್ಕಳ ಸುರಕ್ಷತೆಯ ಮಾತನ್ನು ಪೂರ್ತಿ ಬಿಡಬೇಕಿಲ್ಲ. ಅದರ ಜಾಗ ಮುಂದಿನ ಪ್ರಶ್ನೆ: 'ಹೀಗೆ ಅನ್ನಿಸಲು ಮುಖ್ಯ ಕಾರಣವೇನು?' ಜನ ತಾವಾಗಿಯೇ ಮಕ್ಕಳ ಹೆಸರು ಎತ್ತಿದರೆ, ನೀವು ಹೇಳಿಕೊಟ್ಟು ಪಡೆದ ಉತ್ತರಕ್ಕಿಂತ ಅದಕ್ಕೆ ಬೆಲೆ ಹೆಚ್ಚು. ಆದರೆ ಇವೆರಡಕ್ಕೂ ಮೊದಲು 'ನಿಮ್ಮ ರಸ್ತೆಯಲ್ಲಿ ಅಪಘಾತ ನೋಡಿದ್ದೀರಾ?' ಎಂದು ಕೇಳಬೇಡಿ. ಅಪಘಾತ ನೆನಪಿಸಿಕೊಂಡವರಿಗೆ ಮುಂದಿನ ಪ್ರಶ್ನೆ ಎಷ್ಟೇ ನೇರವಾಗಿದ್ದರೂ ವಾಲಿರುತ್ತದೆ. ಎರಡೂ ಕಡೆಯ ವಾದ ಕೊಟ್ಟೇ ಕೇಳುತ್ತೇನೆ ಎಂದರೆ ತೂಕ ನೋಡಿಕೊಳ್ಳಿ. ಒಂದು ಕಡೆ ಮಕ್ಕಳ ಜೀವ, ಇನ್ನೊಂದು ಕಡೆ ಎರಡು ನಿಮಿಷ ತಡ ಎಂದು ಬರೆದರೆ ಅದು ಸಮತೋಲನದ ವೇಷ ಅಷ್ಟೇ.

ಹಳೆಯ ಪ್ರಶ್ನೆ ನಿಜಕ್ಕೂ ಎಷ್ಟು ಎಳೆದಿದೆ ಎಂದು ತಿಳಿಯಬೇಕೆಂದರೆ ದಾರಿ ಇದೆ. ಇನ್ನೂ ಉತ್ತರ ಕೊಡದವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ. ಒಂದಕ್ಕೆ ಹಳೆಯ ಪ್ರಶ್ನೆ, ಇನ್ನೊಂದಕ್ಕೆ ಹೊಸದು ಕೊಡಿ. 'ಇಳಿಸಬೇಕು' ಎಂದವರ ಪ್ರಮಾಣ ಹೋಲಿಸಿ. ಗುಂಪಿಗೆ 500 ಜನ ಇದ್ದರೆ ಸುಮಾರು 6 ಅಂಶದವರೆಗಿನ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಅದಕ್ಕಿಂತ ದೊಡ್ಡದಾದರೆ ಪ್ರಶ್ನೆಯ ಕೈವಾಡ ಎಂದು ನಂಬಲು ಕಾರಣ ಇದೆ. ಗುಂಪಿಗೆ 50 ಜನ ಮಾತ್ರ ಇದ್ದರೆ ಸುಮಾರು 20 ಅಂಶದವರೆಗೆ ಏನೂ ಹೇಳಲಾಗದು. ಅಷ್ಟು ಕಡಿಮೆ ಜನ ಇದ್ದರೆ ಈ ಪರೀಕ್ಷೆ ಬಿಟ್ಟು, ಐದಾರು ಮಂದಿಗೆ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಹೇಳಿ. 'ಕೇಳಿದವರಿಗೆ ಯಾವ ಉತ್ತರ ಬೇಕಿದೆ ಅನ್ನಿಸುತ್ತದೆ?' ಎಂದು ವಿಚಾರಿಸಿ. ಹೆಚ್ಚಿನವರು ಒಂದೇ ಉತ್ತರ ಹೇಳಿದರೆ ಇನ್ನೊಮ್ಮೆ ತಿದ್ದಿ.

ಈಗಾಗಲೇ ಬಂದ ಉತ್ತರಗಳಿಂದ ಇಷ್ಟು ಅಂಶ ಕಳೆದರೆ ಸರಿಹೋಗುತ್ತದೆ ಎಂಬ ಲೆಕ್ಕ ಇಲ್ಲ. ಯಾರು ಮನಸಾರೆ ಒಪ್ಪಿದರು, ಯಾರು ಮುಜುಗರಕ್ಕೆ ಒಪ್ಪಿದರು ಎಂದು ಆ ಹಾಳೆಗಳಿಂದ ಗೊತ್ತಾಗುವುದಿಲ್ಲ. ಹೊಸ ಉತ್ತರಗಳ ಜೊತೆ ಅವನ್ನು ಬೆರೆಸಲೂ ಬೇಡಿ. ಹೊಸ ಪ್ರಶ್ನೆಯನ್ನು ಹೊಸಬರಿಗೆ ಕೇಳಿ. ಹಳೆಯ ಫಲಿತಾಂಶವನ್ನು ಎಲ್ಲಾದರೂ ಕೊಡಲೇಬೇಕಾಗಿ ಬಂದರೆ, ಅದರ ಪಕ್ಕದಲ್ಲೇ ಆ ಪ್ರಶ್ನೆಯನ್ನು ಒಂದು ಪದವೂ ಬಿಡದೆ ಪೂರ್ತಿಯಾಗಿ ಅಚ್ಚು ಹಾಕಿ.