ಒಗ್ಗರಣೆ ಸರಿ, ಗಿಗ್ಗರಣೆ ಏಕೆ ಕಹಿಯಾಯಿತು?

ಪ್ರಶ್ನೆ: ಭಾವ ನಮ್ಮ ಮನೆಗೆ ಬಂದಾಗ “ಒಗ್ಗರಣೆ ಗಿಗ್ಗರಣೆ ತಿನ್ನುತ್ತೀರಾ?” ಎಂದು ಕೇಳಿದೆ, ಖುಷಿಯಿಂದ ಕುಳಿತರು. ಮುಂದಿನ ವಾರ ಅವರ ಮನೆಯಲ್ಲಿದ್ದಾಗ ಫೋನಿನಲ್ಲಿ ಹೆಂಡತಿಗೆ “ಇಲ್ಲೇ ಒಗ್ಗರಣೆ ಗಿಗ್ಗರಣೆ ತಿಂದೆ” ಎಂದೆ. ಭಾವ ಮುಖ ಗಂಟಿಕ್ಕಿದರು. ಪದ ಒಂದೇ ಅಲ್ಲವೇ?
— ಗಂಗಾವತಿಯ ಓದುಗರೊಬ್ಬರು

ಉತ್ತರ: ‘ಒಗ್ಗರಣೆ’ ಎಂದರೆ ನಿಮ್ಮ ಕಡೆಯ ಮಂಡಕ್ಕಿ ತಿಂಡಿ, ‘ಗಿಗ್ಗರಣೆ’ಗೆ ಮಾತ್ರ ತನ್ನದೇ ಅರ್ಥವಿಲ್ಲ. ಪದದ ಮೊದಲ ಅಕ್ಷರ ತೆಗೆದು, ಅದು ಹ್ರಸ್ವವಾಗಿದ್ದರೆ ‘ಗಿ’, ದೀರ್ಘವಾಗಿದ್ದರೆ ‘ಗೀ’ ಇಡುತ್ತೇವೆ: ಮಿರ್ಚಿ ಗಿರ್ಚಿ, ಊಟ ಗೀಟ. (‘ಗಿಡ’ದಂತೆ ‘ಗಿ’, ‘ಗೀ’ಯಿಂದಲೇ ಆರಂಭವಾಗುವ ಪದಗಳಿಗೆ ಇದು ಒಗ್ಗದು. ‘ಗಿಡ ಗಿಡ’ ಎಂದರೆ ಪ್ರತಿಯೊಂದು ಗಿಡ ಎಂಬ ದ್ವಿರುಕ್ತಿಯಾಗಿಬಿಡುತ್ತದೆ. ಆಗ ‘ಗಿಡಮರ’ ಕೈಹಿಡಿಯುತ್ತದೆ.) ಈ ಪ್ರತಿಧ್ವನಿ ಪದ ಮಾಡುವ ಕೆಲಸ ಒಂದೇ: ‘ಅದು, ಇಲ್ಲವೇ ಅಂಥದ್ದೇನಾದರೂ’ ಎಂದು ಹೆಸರಿನ ಬೇಲಿಯನ್ನು ಸಡಿಲಿಸುವುದು.

ನಿಮ್ಮ ಮೊದಲ ವಾಕ್ಯ ಪ್ರಶ್ನೆ. ಏನು ತಿನ್ನಬೇಕೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಒಗ್ಗರಣೆ ಬೇಡವಾದರೆ ಮಿರ್ಚಿ, ಅದೂ ಬೇಡವಾದರೆ ಬರೀ ಚಹಾ ಎಂದು ಆಯ್ಕೆಯನ್ನು ಭಾವನಿಗೇ ಬಿಟ್ಟಿರಿ. ಆ ಸಡಿಲಿಕೆಯೇ ಉಪಚಾರವಾಯಿತು. ಎರಡನೆಯದು ಮುಗಿದ ಸಂಗತಿ. ತಟ್ಟೆಯಲ್ಲಿದ್ದದ್ದು ಒಗ್ಗರಣೆ ಎಂಬುದು ನಿಮಗೂ ಗೊತ್ತು, ಬಡಿಸಿದವರಿಗೂ ಗೊತ್ತು. ಗೊತ್ತಿದ್ದೂ ಹೆಸರನ್ನು ಸಡಿಲ ಬಿಟ್ಟರೆ, ಕೇಳಿದವರು ಬೇರೆ ಕಾರಣ ಹುಡುಕುತ್ತಾರೆ: ‘ಸರಿಯಾಗಿ ಹೆಸರು ಹೇಳುವಷ್ಟೂ ಅದು ರುಚಿಯಾಗಿರಲಿಲ್ಲವೇನೋ!’

ಹಾಗೆಂದು ಭೂತಕಾಲವನ್ನಷ್ಟೇ ದೂರಬೇಡಿ. “ಸಿಂಧನೂರಿನಲ್ಲಿ ಬಸ್ ನಿಂತಾಗ ಒಗ್ಗರಣೆ ಗಿಗ್ಗರಣೆ ತಿಂದು ಹೊರಟೆವು” ಎಂದರೆ ಯಾರಿಗೂ ನೋವಾಗದು. ಏನೋ ಒಂದಿಷ್ಟು ತಿಂದೆವು ಎಂದಷ್ಟೇ ಅರ್ಥ. ಭಾವನೇ “ಒಗ್ಗರಣೆ ಗಿಗ್ಗರಣೆ ಮಾಡಿದ್ದೇವೆ, ಬನ್ನಿ” ಎಂದಿದ್ದರೆ ಅದು ವಿನಯ. ತನ್ನದನ್ನು ಹಗುರಾಗಿಸಿದರೆ ನಮ್ರತೆ, ಎದುರಿಗಿರುವವರದನ್ನು ಹಗುರಾಗಿಸಿದರೆ ತಾತ್ಸಾರ. ಮನುಷ್ಯರಿಗೆ ಅಂಟಿಸಿದಾಗಲಂತೂ ತಾತ್ಸಾರವೇ ಮುಂದೆ ಬರುತ್ತದೆ: “ಸಾಹುಕಾರ ಗೀಹುಕಾರ ಯಾರೇ ಬರಲಿ, ಬಾಗಿಲು ತೆಗೆಯುವುದಿಲ್ಲ.”

ನಿಷೇಧದಲ್ಲಿ ಇದೇ ಪದ ಧೈರ್ಯ ತುಂಬುತ್ತದೆ. ಗದ್ದೆಯ ಬದುವಿನಲ್ಲಿ ಹೆದರಿ ನಿಂತ ಮಗುವಿಗೆ “ಹಾವು ಗೀವು ಏನೂ ಇಲ್ಲ” ಎಂದರೆ ಚೇಳು, ಹುಳುಹುಪ್ಪಟೆಯೂ ಇಲ್ಲವೆಂದಾಯಿತು.

ಅನುಮಾನ ಬಂದಾಗ ಪದದ ಮುಂದೆ ಒಂದು ಎಣಿಕೆ ಇಟ್ಟು ನೋಡಿ. “ಎರಡು ಪ್ಲೇಟ್ ಒಗ್ಗರಣೆ ಗಿಗ್ಗರಣೆ ಕೊಡಿ” ಎಂದರೆ ಹೋಟೆಲಿನವನು “ಎರಡು ಒಗ್ಗರಣೆ, ಮತ್ತೇನು?” ಎನ್ನುತ್ತಾನೆ. ಲೆಕ್ಕ ಖಚಿತವಾದಲ್ಲಿ ‘ಗಿ’ ನಿಲ್ಲುವುದಿಲ್ಲ.

ಆ ದಿನ ಫೋನಿನಲ್ಲಿ ನಿಮಗೆ ಬೇಕಾಗಿದ್ದದ್ದು ದ್ವಿರುಕ್ತಿ: “ಬಿಸಿ ಬಿಸಿ ಒಗ್ಗರಣೆ ತಿಂದೆ.” ಭಾವ ಇನ್ನೊಂದು ಸೌಟು ಹಾಕುತ್ತಿದ್ದರು.